ಕೊನೆ ಬೀಳುವಷ್ಟು ಹೊತ್ತು: ದೋಟಿ ಜಾಹೀರಾತಿನ ಮೊದಲ ಮೂರು ಸೆಕೆಂಡ್ ಬರೆದದ್ದು

ಐವತ್ತು ಅಡಿ ಎತ್ತರದಿಂದ ಅಡಿಕೆ ಕೊನೆ, ಅಂದರೆ ಅಡಿಕೆಯ ಗೊಂಚಲು, ಬಿದ್ದರೆ ಕೆಳಗೆ ಬರಲು ಎರಡು ಸೆಕೆಂಡ್ ಕೂಡ ಬೇಡ. ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಸೆಕೆಂಡ್ ಬರುತ್ತದೆ. ರೀಲ್ಸ್ ನೋಡುವವರು ಹೆಬ್ಬೆರಳಲ್ಲಿ ಮೇಲೆ ತಳ್ಳುವ ಮೊದಲು ನಮಗೆ ಸಿಗುವ ಸಮಯ ಹೆಚ್ಚೆಂದರೆ ಮೂರು ಸೆಕೆಂಡ್. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಜಾಹೀರಾತನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ನನಗೆ ಗೊತ್ತಾಯಿತು. ಅಲ್ಲಿಗೆ ಹೇಗೆ ಬಂದೆವು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿದ್ದುಕೊಂಡು ಸಣ್ಣ ಅಂಗಡಿಗಳಿಗೆ, ಮನೆಯಲ್ಲೇ ಏನಾದರೂ ತಯಾರಿಸಿ ಮಾರುವವರಿಗೆ ಜಾಹೀರಾತು ಬರೆದು ಕೊಡುತ್ತೇನೆ. ಈ ಸಲ ಬಂದದ್ದು ಕೃಷಿ ಉಪಕರಣದ ಅಂಗಡಿಯವರು. ಅವರು ಮಾರಬೇಕಿದ್ದದ್ದು ಕಾರ್ಬನ್ ಫೈಬರ್ ದೋಟಿ. ಮರ ಹತ್ತದೆ, ನೆಲದ ಮೇಲೆ ನಿಂತುಕೊಂಡೇ ಅಡಿಕೆ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದನೆಯ ಕೋಲು. ತೋಟ ಇರುವವರಿಗೆ ಇದರ ಬಗ್ಗೆ ಹೇಳಬೇಕಿಲ್ಲ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರು ಸಿಗದೆ ಕೊಯ್ಲು ತಡವಾಗುವ ಕಷ್ಟ ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆ ಮನೆಮನೆಯ ಮಾತು.

ಯಜಮಾನರು ತಾವೇ ಒಂದು ಸ್ಕ್ರಿಪ್ಟ್ ಬರೆದುಕೊಂಡು ಬಂದಿದ್ದರು. ಮೊದಲು ಅಂಗಡಿಯ ಬೋರ್ಡು. ಆಮೇಲೆ, "ನಮಸ್ಕಾರ ರೈತ ಬಾಂಧವರೇ, ನಮ್ಮ ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ದ ಕೊನೆ ಕೆಳಗೆ ಬಿದ್ದರೂ ಅಡಿಕೆ ಉದುರುವುದಿಲ್ಲ." ಮಾತು ಚೆನ್ನಾಗಿಯೇ ಇತ್ತು. ಆದರೆ ಗಟ್ಟಿಯಾಗಿ ಓದಿ ಫೋನಿನ ಸ್ಟಾಪ್‌ವಾಚ್ ಹಿಡಿದರೆ ನಮಸ್ಕಾರಕ್ಕೇ ಒಂದೂವರೆ ಎರಡು ಸೆಕೆಂಡ್ ಹೋಗುತ್ತದೆ. ಉಳಿದ ವಾಕ್ಯಕ್ಕೆ ಇನ್ನೂ ಐದಾರು ಸೆಕೆಂಡ್ ಬೇಕು. ಅದರಲ್ಲೂ ಮುಖ್ಯವಾದ ಮಾತು, ಅಂದರೆ "ಉದುರುವುದಿಲ್ಲ" ಅನ್ನುವುದು, ಕಟ್ಟಕಡೆಗೆ ಬರುತ್ತದೆ. ಅಷ್ಟು ಹೊತ್ತಿಗೆ ನೋಡುವವರು ಇನ್ಯಾರದ್ದೋ ನಾಯಿಮರಿ ನೋಡುತ್ತಿರುತ್ತಾರೆ.

ಕನ್ನಡದಲ್ಲಿ ಶುರುವಿನ ಸೆಕೆಂಡುಗಳನ್ನು ಬರೆಯುವವರು ಮೊದಲು ಗಮನಿಸಬೇಕಾದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆಯಿತೋ ಇಲ್ಲವೋ ಅನ್ನುವುದು ಆಗಲೇ ತಿಳಿಯುವುದು. ಪತ್ರಿಕೆಯಲ್ಲಿ ಓದುವಾಗ ಇದರಿಂದ ತೊಂದರೆ ಇಲ್ಲ, ಕಣ್ಣು ಬೇಕಾದರೆ ಸಾಲಿನ ತುದಿಗೆ ಹಾರಿ ನೋಡಬಹುದು. ಕಿವಿಗೆ ಮಾತ್ರ ಒಂದೊಂದೇ ಅಕ್ಷರ ಬೀಳುತ್ತದೆ. ನಿಧಾನಕ್ಕೆ, ಸ್ಪಷ್ಟವಾಗಿ ಮಾತಾಡಿದರೆ ಸೆಕೆಂಡಿಗೆ ಐದಾರು ಅಕ್ಷರ. ಮೂರು ಸೆಕೆಂಡಿಗೆ ಹದಿನೈದು, ಹೆಚ್ಚೆಂದರೆ ಹದಿನೆಂಟು. ಯಜಮಾನರ ವಾಕ್ಯದಲ್ಲಿ, ನಮಸ್ಕಾರ ಬಿಟ್ಟೂ, ಮೂವತ್ತರ ಹತ್ತಿರ ಇದ್ದವು.

ಪುಣ್ಯಕ್ಕೆ ನಾವು ಮಾತಾಡುವಾಗ ಹೀಗೆ ಮಾತಾಡುವುದಿಲ್ಲ. "ಬಂತು ನೋಡು ಬಸ್ಸು" ಅನ್ನುತ್ತೇವೆ. "ಬಿತ್ತಲ್ಲ ಮಾರಾಯ ಕೊಡೆ" ಅನ್ನುತ್ತೇವೆ. ಅವಸರ ಇದ್ದಾಗ ಕ್ರಿಯಾಪದ ತಾನಾಗಿಯೇ ಮುಂದೆ ಬರುತ್ತದೆ. ಹಾಗಾಗಿ ಆ ವಾಕ್ಯವನ್ನು ಚಿಕ್ಕದು ಮಾಡುವ ಬದಲು ತಿರುಗಿಸಿ ಇಡಬೇಕು ಅಂತ ಗುರುತು ಹಾಕಿಕೊಂಡೆ.

ಯಾವ ಮಾತನ್ನು ತಿರುಗಿಸಿ ಇಡಬೇಕು ಅಂತ ತಿಳಿಯಲು ಅಂಗಡಿಯ ಕೌಂಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ದೋಟಿ ನೋಡಲು ಬಂದವರು ಬಾಯಿ ತೆರೆದು ಮೊದಲು ಏನು ಕೇಳುತ್ತಾರೆ ಅನ್ನುವುದನ್ನು ಮಾತ್ರ ಬರೆದುಕೊಂಡೆ. ಆಮೇಲಿನ ಮಾತೆಲ್ಲ ವ್ಯಾಪಾರದ ಮಾತು, ಅದು ನನಗೆ ಬೇಡ. "ಭಾರ ಎಷ್ಟಿದೆ?" "ಗಾಳಿಗೆ ಬಾಗಲ್ವಾ?" "ಕುತ್ತಿಗೆ ನೋವು ಬರಲ್ವಾ?" ಇವು ಬಂದವು. ಆದರೆ ಬೇರೆ ಬೇರೆ ಊರಿನವರ ಬಾಯಲ್ಲಿ ಮತ್ತೆ ಮತ್ತೆ ಬಂದದ್ದು ಒಂದು ಅನುಮಾನ: "ಅಷ್ಟು ಮೇಲಿಂದ ಕೊನೆ ಬಿದ್ರೆ ಅಡಿಕೆ ಉದುರಲ್ವಾ? ಹೆಕ್ಕೋಕೆ ಮತ್ತೆ ಆಳು ಬೇಡ್ವಾ?" ಮರ ಹತ್ತಿದ ಕೊನೆಗಾರ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುತ್ತಾನೆ. ದೋಟಿಯಲ್ಲಿ ಕೊಯ್ದರೆ ಕೊನೆ ಸೀದಾ ಕೆಳಗೆ ಬೀಳುತ್ತದೆ, ಅದನ್ನು ಬಲೆ ಹಿಡಿದು ತಡೆಯಬೇಕು. ಅನುಮಾನ ಸರಿಯಾಗಿಯೇ ಇದೆ.

ಹಾಗಾದರೆ ಮೊದಲ ಸೆಕೆಂಡಿನಲ್ಲಿ ಇಡಬೇಕಾದದ್ದು ಉತ್ತರವನ್ನಲ್ಲ, ಅವರದ್ದೇ ಅನುಮಾನವನ್ನು. "ಉದುರುವುದಿಲ್ಲ" ಅಂದುಬಿಟ್ಟರೆ ಅದು ಪೂರ್ತಿ ನಿಜವೂ ಅಲ್ಲ. ಕೆಲವು ಉದುರಿಯೇ ಉದುರುತ್ತವೆ. ತೋಟದವರಿಗೆ ಅದು ಗೊತ್ತು, ಗೊತ್ತಿರುವವರ ಮುಂದೆ ಹಾಗೆ ಹೇಳಿದರೆ ಮುಂದಿನ ಒಂದು ಮಾತನ್ನೂ ಅವರು ನಂಬುವುದಿಲ್ಲ.

ಯಜಮಾನರ ಮನಸ್ಸಿನಲ್ಲಿ ಬೇರೆ ಒಂದು ದೃಶ್ಯವೂ ಇತ್ತು. ಮರ ಹತ್ತಿದವನ ಕಾಲು ಜಾರುತ್ತದೆ, ಅಲ್ಲಿಗೆ ಕಟ್. "ಎಂಥವ್ರಾದ್ರೂ ನಿಂತು ನೋಡ್ತಾರೆ" ಅಂದರು. ನೋಡುತ್ತಾರೆ, ನಿಜ. ಆದರೆ ಮಲೆನಾಡಿನಲ್ಲಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಹೋದವರು ಇಲ್ಲದ ಊರು ಕಡಿಮೆ. ಅಂಥ ಮನೆಯವರು ರಾತ್ರಿ ಊಟ ಮಾಡಿ ಫೋನ್ ಹಿಡಿದಾಗ ಇದು ಕಣ್ಣ ಮುಂದೆ ಬಂದರೆ? ನಾನು ಆಗುವುದಿಲ್ಲ ಅಂದೆ. ಅವರೂ ಸ್ವಲ್ಪ ಯೋಚನೆ ಮಾಡಿ, "ಬೇಡ ಬಿಡಿ ಮೇಡಂ, ನಮ್ಮ ಚಿಕ್ಕಪ್ಪನೇ ಹಾಗೆ ಹೋದದ್ದು" ಅಂದರು. ಆ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಚಿತ್ರ. ನಿಲುವು ಚೌಕಟ್ಟಿಗೆ ಅಡಿಕೆ ಮರಕ್ಕಿಂತ ಹೊಂದುವ ವಸ್ತು ಇಲ್ಲ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಬುಡದಿಂದ ತುದಿಯವರೆಗೆ ಕ್ಯಾಮೆರಾ ಎತ್ತುತ್ತಾ ಹೋದರೆ ಎಷ್ಟು ಚಂದ! ಆದರೆ ಹಾಗೆ ಎತ್ತಲು ನಾಲ್ಕು ಸೆಕೆಂಡಾದರೂ ಬೇಕು, ತುದಿಯಲ್ಲಿರುವ ಕತ್ತಿ ಕಾಣುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ದೂರದಲ್ಲಿ ನಿಂತು ಇಡೀ ಮರ ತೆಗೆದರೆ ಮನುಷ್ಯ ಇರುವೆಯಷ್ಟು, ಕೊನೆ ಸಾಸಿವೆಯಷ್ಟು. ಇನ್ನೊಂದು ತೊಂದರೆ ತೋಟದೊಳಗೆ ಹೋದ ಮೇಲೆ ಗೊತ್ತಾಗುತ್ತದೆ. ದೋಟಿ ಕಪ್ಪು. ತೋಟದ ಒಳಗೆ ನೆರಳು. ಹಿಂದೆ ಎಲ್ಲ ಕಡುಹಸಿರು. ಫೋನಿನ ಪರದೆಯಲ್ಲಿ ಮನುಷ್ಯ ಸುಮ್ನೆ ಗಾಳಿಯನ್ನು ಹಿಡಿದುಕೊಂಡ ಹಾಗೆ ಕಾಣುತ್ತಾನೆ.

ಈ ಎಲ್ಲದಕ್ಕೂ ಉತ್ತರ ನೆಲದಲ್ಲಿತ್ತು. ಫೋನನ್ನು ಮರದ ಬುಡದ ಹತ್ತಿರ ಮುಖ ಮೇಲೆ ಮಾಡಿ ಮಲಗಿಸಿದರೆ ಹಿನ್ನೆಲೆಗೆ ಆಕಾಶ ಸಿಗುತ್ತದೆ. ತೆಳು ಮೋಡ ಇರುವ ಬೆಳಿಗ್ಗೆ ಆಕಾಶ ಬೆಳ್ಳಗಿರುತ್ತದೆ, ಅದರ ಮೇಲೆ ಕಪ್ಪು ದೋಟಿ ಪೆನ್ಸಿಲ್ ಗೆರೆಯಂತೆ ಎದ್ದು ಕಾಣುತ್ತದೆ. ಕೊಯ್ದ ಕೊನೆ ಮುಷ್ಟಿಯಷ್ಟಿದ್ದದ್ದು ನೋಡುನೋಡುತ್ತಿದ್ದಂತೆ ದೊಡ್ಡದಾಗುತ್ತಾ ನೋಡುವವರ ಮುಖದ ಮೇಲೇ ಬಂದಂತೆ ಬರುತ್ತದೆ. ತಮ್ಮ ಕಡೆಗೆ ಏನಾದರೂ ಬಂದರೆ ಯಾರೇ ಆದರೂ ಒಂದು ಕ್ಷಣ ತಡೆಯುತ್ತಾರೆ.

ಹೊಸನಗರ ಕಡೆಯ ಒಂದು ತೋಟದಲ್ಲಿ ಇದನ್ನು ತೆಗೆದೆವು. ತೋಟದ ಯಜಮಾನರು, ಅವರ ಹೆಂಡತಿ, ದೋಟಿ ಹಿಡಿಯಲು ಪಳಗಿದ ಒಬ್ಬ ಹುಡುಗ. ಒಂದು ಹಳೆಯ ಫೋನನ್ನು ನೆಲದಲ್ಲಿಟ್ಟು, ಎರಡೂ ಕಡೆ ಅದಕ್ಕಿಂತ ಎತ್ತರದ ಕಲ್ಲು ಇಟ್ಟೆವು. ಮೇಲೆ ಬಲೆ. ಬಲೆ ಜಗ್ಗಿದರೂ ಮೊದಲು ಕಲ್ಲಿಗೆ ತಾಗಬೇಕು, ಫೋನಿಗಲ್ಲ. ಐವತ್ತು ಅಡಿಯಿಂದ ಬರುವ ಕೊನೆ ಕೆಳಗೆ ಮುಟ್ಟುವಾಗ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿರುತ್ತದೆ, ಹಾಗಾಗಿ ಬಲೆ ಹಿಡಿದವರು ಅಂಚಿನಲ್ಲಿ, ತೋಳು ಚಾಚಿ ನಿಲ್ಲಬೇಕು. ಬೆಳಕನ್ನು ಮರದ ಕಾಂಡದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿದೆ. ಇಲ್ಲದಿದ್ದರೆ ಫೋನು ಆಕಾಶಕ್ಕೆ ಹೊಂದಿಸಿಕೊಂಡು ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ.

ಚೌಕಟ್ಟಿನಲ್ಲಿ ಎಲ್ಲೂ ಕರೆಂಟ್ ತಂತಿ ಇರಬಾರದು ಅಂತ ಮೊದಲೇ ನೋಡಿಕೊಂಡಿದ್ದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ದೋಟಿ ತಂತಿಗೆ ತಾಗಿದರೆ ಹಿಡಿದವರ ಜೀವಕ್ಕೇ ಅಪಾಯ. ಜಾಹೀರಾತಿನಲ್ಲಿ ಕಂಡದ್ದನ್ನು ಜನ ಹಾಗೇ ಮಾಡುತ್ತಾರೆ, ಮೂರು ಸೆಕೆಂಡಿನ ಚಿತ್ರವಾದರೂ ಅಷ್ಟೇ.

ವಿಡಿಯೋ ಜೋಡಿಸುವ ಹುಡುಗ ಬೀಳುವುದನ್ನು ನಿಧಾನ ಮಾಡೋಣ ಅಂದ. ಸ್ಲೋಮೋಷನ್ನಿನಲ್ಲಿ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ವೇಗ ಅರ್ಧ ಮಾಡಿದರೆ ಒಂದೂಮುಕ್ಕಾಲು ಸೆಕೆಂಡ್ ಹೋಗಿ ಮೂರೂವರೆ ಆಗುತ್ತದೆ, ಕೊನೆ ಆಕಾಶದಲ್ಲಿರುವಾಗಲೇ ಜನ ಹೋಗಿಬಿಡುತ್ತಾರೆ. ನಿಜವಾದ ವೇಗದಲ್ಲೇ ಬಿಟ್ಟೆವು. ಶುರುವಿನಲ್ಲಿ ಕಪ್ಪಿನಿಂದ ನಿಧಾನಕ್ಕೆ ಬೆಳಕಾಗುವ ಎಫೆಕ್ಟ್ ಹಾಕಿದ್ದ, ಅದನ್ನೂ ತೆಗೆಸಿದೆ. ದೋಟಿಯನ್ನು ಮೇಲಕ್ಕೆ ಒಯ್ದು ಕತ್ತಿಯನ್ನು ಕೊನೆಯ ಬುಡಕ್ಕೆ ಕೂರಿಸುವ ಭಾಗವನ್ನು ಪೂರ್ತಿ ಕತ್ತರಿಸಿದೆವು. ಮೊದಲ ಫ್ರೇಮಿನಲ್ಲೇ ಕತ್ತಿ ಕೂತಿರಬೇಕು, ಎಳೆಯುವುದಷ್ಟೇ ಬಾಕಿ.

ಆಮೇಲೆ ಕಾಗದದ ಮೇಲೆ ಮೂರು ಅಂಕಣ ಹಾಕಿ ಬರೆದೆ: ಕಣ್ಣಿಗೆ ಏನು, ಪರದೆಯ ಅಕ್ಷರ ಏನು, ಕಿವಿಗೆ ಏನು. ನಾನು ಮೊದಲು ಅಂದುಕೊಂಡ ಮಾತು "ಉದುರುತ್ತಾ ನೋಡೋಣ, ಐವತ್ತಡಿಯಿಂದ" ಅಂತ. ಹದಿಮೂರು ಅಕ್ಷರ, ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಮೂರು ಸೆಕೆಂಡಿಗೆ ಹಿಡಿಸುತ್ತದೆ, ಆದರೆ ಕೊನೆ ಬಲೆಗೆ ಬೀಳುವ "ಧಡ್" ಶಬ್ದ ಸರಿಯಾಗಿ ಎರಡನೇ ಸೆಕೆಂಡಿನಲ್ಲಿ ಬರುತ್ತದೆ. ಮಾತು ಅದರ ಮೇಲೆ ಬಿದ್ದು ಎರಡೂ ಕೆಡುತ್ತಿತ್ತು. ಆ ಶಬ್ದ ನಮ್ಮ ಹತ್ತಿರ ಇದ್ದದ್ದರಲ್ಲೇ ಒಳ್ಳೆಯ ಶಬ್ದ. ಅದಕ್ಕೆ ಜಾಗ ಬಿಡಲೇಬೇಕಿತ್ತು. ಹಾಗಾಗಿ ಎತ್ತರವನ್ನು ಪರದೆಯ ಅಕ್ಷರಕ್ಕೆ ದಾಟಿಸಿ, ಬಾಯಿಮಾತನ್ನು ಆರು ಅಕ್ಷರಕ್ಕೆ ಇಳಿಸಿದೆ: "ಉದುರ್ತದಾ, ನೋಡಿ." ಹೇಳಿದ್ದು ತೋಟದ ಯಜಮಾನರೇ, ಅವರ ಮನೆಯ ಮಾತಿನಲ್ಲೇ.

ಕೊನೆಗೆ ನಿಂತದ್ದು ಹೀಗೆ. ಮೊದಲ ಫ್ರೇಮು: ಬಿಳಿ ಆಕಾಶ, ಕಪ್ಪು ಗೆರೆ, ಕೊನೆಯ ಬುಡದಲ್ಲಿ ಕತ್ತಿ. ಪರದೆಯ ಮೇಲೆ ಎರಡು ಸಾಲು, "50 ಅಡಿ ಮೇಲಿಂದ" ಮತ್ತು "ಉದುರುತ್ತಾ?" ಕತ್ತಿ ಎಳೆಯುವ ಕರಕ್ ಶಬ್ದ, ಜೊತೆಗೆ "ಉದುರ್ತದಾ, ನೋಡಿ." ಕೊನೆ ಬೀಳುತ್ತಾ ಚೌಕಟ್ಟು ತುಂಬುತ್ತದೆ. ಸಂಗೀತ ಇಲ್ಲ. ಎರಡನೇ ಸೆಕೆಂಡಿಗೆ ಧಡ್. ಅಲ್ಲಿಂದ ಮೂರರವರೆಗೆ ಬಲೆಯ ಹತ್ತಿರದ ನೋಟ: ಮನೆಯಾಕೆಯ ಕೈ ಕೊನೆಯನ್ನು ಪಕ್ಕಕ್ಕೆ ಸರಿಸುತ್ತದೆ, ಕೆಳಗೆ ಏನಿದೆ ಅನ್ನುವುದು ಕಾಣುವ ಮೊದಲೇ, "ಎಷ್ಟ್ ಬಿತ್ತೇ?" ಅನ್ನುವ ಗಂಡನ ದನಿ. ಉದುರಿದ್ದನ್ನು ಬೊಗಸೆಯಲ್ಲಿ ತೋರಿಸುವುದು ನಾಲ್ಕನೇ ಸೆಕೆಂಡಿನ ನಂತರ.

ಮೂರನೇ ಸೆಕೆಂಡಿನೊಳಗೇ ಉದುರಿದ್ದನ್ನು ತೋರಿಸಿದ ಇನ್ನೊಂದು ತುಂಡನ್ನೂ ಮಾಡಿ ಇಟ್ಟಿದ್ದೆವು. ಅದನ್ನು ಅಂಗಡಿಗೆ ಬಂದವರಿಗೆ ತೋರಿಸಿದರೆ "ಓ, ಪರವಾಗಿಲ್ವೇ" ಅಂದು ಫೋನು ವಾಪಸ್ ಕೊಡುತ್ತಿದ್ದರು. ಬೀಳುವುದು ನಿಲ್ಲಿಸುತ್ತದೆ, ಎಷ್ಟು ಉದುರಿತು ಅನ್ನುವುದು ಉಳಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ದೃಶ್ಯ ಸಾಲದು.

ಪರದೆಯ ಅಕ್ಷರದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲಿ ಕೆಲಸ ಕೆಡುವುದು ಬಹಳ. ರೀಲ್ಸ್ ಜಾಹೀರಾತಿನಲ್ಲಿ ಕೆಳಗಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ ಪುಟದ ಹೆಸರು, ಬರಹ, ಒತ್ತುವ ಬಟನ್ ಬಂದು ಕೂರುತ್ತವೆ. ಮೇಟಾದವರೇ ಕೆಳಗೆ 35%, ಮೇಲೆ 14%, ಅಕ್ಕಪಕ್ಕ 6% ಖಾಲಿ ಬಿಡಿ ಅನ್ನುತ್ತಾರೆ. 1080ಕ್ಕೆ 1920ರ ಚೌಕಟ್ಟಿನಲ್ಲಿ ಹಾಗೆ ಬಿಟ್ಟರೆ ನಡುವಿಗಿಂತ ಕೊಂಚ ಮೇಲಿನ ಪಟ್ಟಿ ಮಾತ್ರ ನಮಗೆ ಉಳಿಯುತ್ತದೆ. ಅದರಲ್ಲಿ ಕನ್ನಡದ ಎರಡು ಸಾಲು ಹಿಡಿಸಬೇಕು. ನಮಗೆ ಒತ್ತಕ್ಷರ ಕೆಳಗಿಳಿಯುತ್ತದೆ, "ಅಡಿ"ಯ ಗುಡಿಸು ಮೇಲೇರುತ್ತದೆ, ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದರ ಮೇಲೊಂದು ಹತ್ತುತ್ತವೆ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ "ಉದುರುತ್ತಾ" ಬರೆದರೆ ತಾವತ್ತು ಒಡೆದು ಬೇರೆಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸರಿ ಇದ್ದದ್ದು ಫೋನಿನಲ್ಲಿ ಹಾಗೆ ಬರಬಹುದು. ಅದಕ್ಕೇ ಕೊನೆಯ ಸಲ ನೋಡುವುದನ್ನು ಯಾವಾಗಲೂ ಫೋನಿನಲ್ಲೇ ಮಾಡುತ್ತೇನೆ, ಬಿಸಿಲಿನಲ್ಲಿ ನಿಂತುಕೊಂಡು, ಶಬ್ದ ತೆಗೆದು. ಶಬ್ದ ಇಲ್ಲದೆ ನೋಡುವವರು ಬಹಳ ಜನ ಇದ್ದಾರೆ, ಅವರಿಗೂ "50 ಅಡಿ ಮೇಲಿಂದ ಉದುರುತ್ತಾ?" ಅಷ್ಟರಲ್ಲೇ ವಿಷಯ ಮುಟ್ಟಬೇಕು.

ಓಡಿಸುವಾಗ ಮೂರು ಬೇರೆ ಶುರು ಇಟ್ಟು, ಉಳಿದ ಭಾಗ ಒಂದೇ ಇಟ್ಟೆವು. ಒಂದು, ಬೀಳುವ ಕೊನೆ. ಇನ್ನೊಂದು, ತೋಟದ ಯಜಮಾನರು ನೇರ ನಮ್ಮನ್ನು ನೋಡಿ, "ಕಾದಿಲ್ಲ ಈ ಸಲ, ಕೊನೆಗಾರರಿಗೆ" ಅನ್ನುವುದು. ಮೂರನೆಯದು ಅಂಗಡಿಯ ಬೋರ್ಡು, ನಮಸ್ಕಾರ. ಅದನ್ನು ಅಂಗಡಿಯ ಯಜಮಾನರು ಕೇಳಿಕೊಂಡಿದ್ದಕ್ಕೆ ಇಟ್ಟದ್ದು, ಮತ್ತು ಇಟ್ಟದ್ದು ಒಳ್ಳೆಯದೇ ಆಯಿತು. ಮೂರಕ್ಕೂ ಸಮ ದುಡ್ಡು, ಅದೇ ತಾಲ್ಲೂಕುಗಳು, ಅದೇ ದಿನಗಳು.

ಅಂಕಿ ನೋಡುವ ರೀತಿ ಹೀಗೆ. `3-second video plays` ಅನ್ನುವುದನ್ನು `Impressions`ನಿಂದ ಭಾಗಿಸಬೇಕು. ಸಾವಿರ ಸಲ ಪರದೆಗೆ ಬಂದು 250 ಸಲ ಮೂರು ಸೆಕೆಂಡ್ ಓಡಿದರೆ 25%. ನಿಂತವರು ಎಷ್ಟು ಅನ್ನುವುದು ಇದು. ಉಳಿದವರು ಎಷ್ಟು ಅನ್ನಲು `ThruPlays` ನೋಡಬೇಕು, ಅಂದರೆ 15 ಸೆಕೆಂಡ್ ನೋಡಿದವರು, ವಿಡಿಯೋ ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ ನೋಡಿದವರು. ಸಾವಿರಕ್ಕೆ ಒಂದರಲ್ಲಿ 250, ಇನ್ನೊಂದರಲ್ಲಿ 280 ಬಂದರೆ ನಾನು ಅದನ್ನು ವ್ಯತ್ಯಾಸ ಅಂತ ನಂಬುವುದಿಲ್ಲ. ಅಷ್ಟು ಏರಿಳಿತ ಸುಮ್ನೆ ಕೂಡ ಬರುತ್ತದೆ. ಇನ್ನೂ ಕೆಲವು ಸಾವಿರ ಸಲ ಓಡಲಿ ಅಂತ ಬಿಡುತ್ತೇನೆ.

ಬೋರ್ಡು ತುಂಬಾ ಹಿಂದೆ ಬಿತ್ತು. ಯಜಮಾನರು ಪರದೆ ನೋಡಿ ತಾವೇ ನಿಲ್ಲಿಸಿ ಅಂದರು. ಬೀಳುವ ಕೊನೆಗೆ ನಿಂತವರು ಎಲ್ಲಕ್ಕಿಂತ ಹೆಚ್ಚು. ಆದರೆ ಮುಖ ಇದ್ದ ವಿಡಿಯೋಕ್ಕೆ ನಿಂತವರು ಕಡಿಮೆ ಇದ್ದರೂ, ಅವರಲ್ಲಿ ಕಡೆಯವರೆಗೆ ಉಳಿದವರ ಪಾಲು ದೊಡ್ಡದು, ವಾಟ್ಸಾಪ್ ಸಂದೇಶವೂ ಅಲ್ಲಿಂದಲೇ ಹೆಚ್ಚು. ಯಾಕೆ ಅಂತ ಕಾಮೆಂಟುಗಳಲ್ಲಿ ತಿಳಿಯಿತು. ಬೀಳುವ ಕೊನೆಗೆ ಪೇಟೆಯ ಹುಡುಗರೂ ನಿಂತಿದ್ದರು, "ಸೂಪರ್ ಶಾಟ್", "ಫೋನ್ ಹೋಯ್ತಾ?" ಅಂತ ಬರೆದಿದ್ದರು. ಮುಖದ ವಿಡಿಯೋಕ್ಕೆ ಬಂದವು "ಅರವತ್ತಡಿದು ಸಿಗ್ತದಾ?", "ಬಲೆ ಜೊತೆಗೆ ಕೊಡ್ತೀರಾ?" ನಿಲ್ಲಿಸುವುದು ಒಂದು ಕೆಲಸ, ಬೇಕಾದವರನ್ನು ನಿಲ್ಲಿಸುವುದು ಇನ್ನೊಂದು. ನಿಂತವರು ಜಾಸ್ತಿ, ಉಳಿದವರು ಕಡಿಮೆ ಅಂದರೆ ಶುರು ತಪ್ಪು ಜನರನ್ನು ಕರೆದಿದೆ, ಇಲ್ಲವೇ ಮುಂದಿನ ಭಾಗದಲ್ಲಿ ಇಲ್ಲದ್ದನ್ನು ತೋರಿಸಿದೆ ಅಂತಲೇ ನಾನು ಓದುತ್ತೇನೆ.

ಆಮೇಲೆ ಎರಡನ್ನೂ ಕೂಡಿಸಿದೆವು. ಬೀಳುವ ಚಿತ್ರ ಹಾಗೇ ಉಳಿಯಿತು. ಧಡ್ ಆದ ಕೂಡಲೇ ಬರುತ್ತಿದ್ದ "ಎಷ್ಟ್ ಬಿತ್ತೇ?" ನಾಲ್ಕನೇ ಸೆಕೆಂಡಿಗೆ ಸರಿದು, ಅದರ ಜಾಗಕ್ಕೆ "ಕಾದಿಲ್ಲ, ಕೊನೆಗಾರರಿಗೆ" ಬಂತು. ಕೊನೆಗಾರ ಅನ್ನುವ ಮಾತು ಕಿವಿಗೆ ಬಿದ್ದರೆ ತೋಟ ಇಲ್ಲದವರು ಅಲ್ಲೇ ದಾಟಿ ಹೋಗುತ್ತಾರೆ, ತೋಟ ಇರುವವರು ಕೂರುತ್ತಾರೆ. ನಿಂತವರ ಅಂಕಿ ಸ್ವಲ್ಪ ಇಳಿಯಿತು, ಸಂದೇಶ ಏರಿತು. ಯಜಮಾನರಿಗೆ ಬೇಕಾದದ್ದು ಸಂದೇಶ, ಹಾಗಾಗಿ ಕೊಯ್ಲು ಮುಗಿಯುವವರೆಗೆ ಅದೇ ಓಡಿತು.

ಈಗ ಮುಂಗಾರಿನ ಮುಂಚಿನ ಜಾಹೀರಾತು ಬರೆಯಬೇಕಾಗಿದೆ. ಆಗ ಅದೇ ದೋಟಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬೇಕು, ಕೌಂಟರಿನಲ್ಲಿ ಕೇಳುವ ಮೊದಲ ಮಾತೂ ಬದಲಾಗಿದೆ: "ಕೊನೆಗೆ ಪೂರ್ತಿ ಮುಟ್ಟುತ್ತಾ?" ಬಿಳಿ ಆಕಾಶದ ಮೇಲೆ ಔಷಧಿಯ ಹನಿ ಕಾಣುವುದೇ ಇಲ್ಲ, ನೆಲದಲ್ಲಿ ಮಲಗಿಸಿದ ಫೋನಿನಿಂದ ಈ ಸಲ ಪ್ರಯೋಜನ ಇಲ್ಲ. ಸಂಜೆ ಬಿಸಿಲು ಎದುರಿಗೆ ಬರುವ ಹಾಗೆ ತೋಟದ ಅಂಚಿನಲ್ಲಿ ನಿಂತರೆ ಹನಿ ಹೊಳೆಯುತ್ತದೆ ಅಂತ ವಿಡಿಯೋ ಜೋಡಿಸುವ ಹುಡುಗ ಹೇಳಿದ್ದಾನೆ. ಮಳೆಗೆ ಮುಂಚೆ ಒಂದು ದಿನ ಹೋಗಿ ನೋಡಬೇಕು.